ಗೆರೆ ದಾಟಿತು, ಮುಂದೇನು?

ವೈವಾ ಮೇಜಿನ ಆಚೆ ಕೂತ ಪರೀಕ್ಷಕಿ ಮೊದಲ ಎರಡು ಪ್ರಶ್ನೆಗಳನ್ನು ಮೆತ್ತಗೇ ಕೇಳುತ್ತಾರೆ. ಹೆರಿಗೆಗೆ ಎಷ್ಟು ಹಂತ? ಒಂದೊಂದೂ ಎಲ್ಲಿಂದ ಎಲ್ಲಿಗೆ? ವಿದ್ಯಾರ್ಥಿನಿ ಪಟಪಟನೆ ಒಪ್ಪಿಸುತ್ತಾಳೆ. ನಿಜವಾದ ಹೆರಿಗೆ ನೋವು ಶುರುವಾದಲ್ಲಿಂದ ಗರ್ಭಕೊರಳು ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆಯುವವರೆಗೆ ಮೊದಲನೆಯದು. ಅಲ್ಲಿಂದ ಮಗು ಹೊರಬರುವವರೆಗೆ ಎರಡನೆಯದು. ಮಗು ಬಂದ ಮೇಲೆ ಮಾಸು ಬೀಳುವವರೆಗೆ ಮೂರನೆಯದು. ಆಮೇಲಿನ ಒಂದೆರಡು ಗಂಟೆಯ ನಿಗಾ ನಾಲ್ಕನೆಯದು. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಅದಾದ ಮೇಲೆ ಪರೀಕ್ಷಕಿ ಚೌಕಳಿ ಹಾಳೆಯೊಂದನ್ನು ಮುಂದಕ್ಕೆ ಸರಿಸಿ, "ಇದನ್ನ ಓದಮ್ಮ. ಈ ತಾಯಿಗೆ ಏನಾಗ್ತಿದೆ? ನೀನಲ್ಲಿದ್ರೆ ಏನ್ ಮಾಡ್ತಿದ್ದೆ?" ಎನ್ನುತ್ತಾರೆ. ಎಎನ್‌ಎಂ ಇರಲಿ, ಜಿಎನ್‌ಎಂ ಇರಲಿ, ಬಿಎಸ್ಸಿ ನರ್ಸಿಂಗ್ ಇರಲಿ, ಬಾಯಿಪಾಠ ಮಾಡಿಕೊಂಡು ಬಂದವರ ಗಂಟಲು ಒಣಗುವುದು ಇಲ್ಲಿಯೇ.

ಆ ಹಾಳೆಯೇ ಪಾರ್ಟೋಗ್ರಾಫ್. ಒಬ್ಬ ತಾಯಿಯ ಹೆರಿಗೆ ಗಂಟೆಗಂಟೆಗೂ ಹೇಗೆ ಮುಂದುವರಿಯಿತು ಎಂಬುದನ್ನು ಒಂದೇ ಪುಟದಲ್ಲಿ ತೋರಿಸುವ ನಕ್ಷೆ. ಎಲ್ಲಕ್ಕಿಂತ ಮೇಲೆ ಮಗುವಿನ ಸಂಗತಿ: ಎದೆಬಡಿತ, ನೆತ್ತಿನೀರಿನ ಬಣ್ಣ, ತಲೆಬುರುಡೆಯ ಮೂಳೆಗಳು ಎಷ್ಟು ಒತ್ತಿಕೊಂಡಿವೆ ಎಂಬುದು. ನಡುವೆ ಹೆರಿಗೆಯ ಪ್ರಗತಿ: ಗರ್ಭಕೊರಳು ಎಷ್ಟು ತೆರೆದಿದೆ, ತಲೆ ಎಷ್ಟು ಇಳಿದಿದೆ, ಹತ್ತು ನಿಮಿಷಕ್ಕೆ ಎಷ್ಟು ನೋವು, ಒಂದೊಂದು ನೋವು ಎಷ್ಟು ಸೆಕೆಂಡು. ಕೆಳಗೆ ತಾಯಿಯ ಸ್ಥಿತಿ: ನಾಡಿ, ರಕ್ತದೊತ್ತಡ, ಜ್ವರ, ಮೂತ್ರ, ಕೊಟ್ಟ ಔಷಧ. ಎಲ್ಲದಕ್ಕೂ ಕೆಳಗಿನ ಗಡಿಯಾರ ಒಂದೇ. ಹೀಗಾಗಿ ಯಾವುದೇ ಗಂಟೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಎಳೆದರೆ ಆ ಹೊತ್ತಿನಲ್ಲಿ ತಾಯಿ ಮತ್ತು ಮಗು ಇಬ್ಬರೂ ಹೇಗಿದ್ದರು ಎಂಬುದು ಒಟ್ಟಿಗೇ ಸಿಗುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಗರ್ಭಕೊರಳಿನ ಎಕ್ಸ್ ಗುರುತುಗಳನ್ನಷ್ಟೇ ಎಡದಿಂದ ಬಲಕ್ಕೆ ಓದಿ, "ಗೆರೆ ದಾಟಿದೆ ಮೇಡಂ, ಸಿಸೇರಿಯನ್" ಎಂದು ಮುಗಿಸುತ್ತಾರೆ.

ದಾಟಿದ್ದು ಯಾವ ಗೆರೆ? ಹಾಳೆಯಲ್ಲಿ ಎರಡಿವೆ. ಅವು ಎಲ್ಲಿಂದ ಬಂದವು ಎಂದು ತಿಳಿದವಳಿಗೆ ಅರ್ಧ ವೈವಾ ಸಲೀಸು.

ಅಮೆರಿಕದ ವೈದ್ಯ ಇಮ್ಯಾನ್ಯುಯೆಲ್ ಫ್ರೀಡ್‌ಮನ್ 1954ರಲ್ಲಿ ಗರ್ಭಕೊರಳು ತೆರೆಯುವ ವೇಗವನ್ನು ಕಾಲದ ಎದುರು ಗುರುತಿಸಿ ಮೊದಲ ನಕ್ಷೆ ಬರೆದರು. ಶುರುವಿನಲ್ಲಿ ನಿಧಾನ, ಆಮೇಲೆ ಚುರುಕು ಎಂಬುದು ಅದರಲ್ಲಿ ಕಣ್ಣಿಗೆ ಕಂಡಿತು. ಅದಕ್ಕೆ ಗೆರೆಗಳನ್ನು ಸೇರಿಸಿದವರು ಆಗಿನ ರೊಡೇಷಿಯಾದ, ಈಗಿನ ಜಿಂಬಾಬ್ವೆಯ ಫಿಲ್‌ಪಾಟ್ ಮತ್ತು ಕ್ಯಾಸಲ್. ಅವರ ಬರಹಗಳು ಪ್ರಕಟವಾದದ್ದು 1972ರಲ್ಲಿ. ಅಲ್ಲಿನ ಹೆರಿಗೆಗಳು ಹೆಚ್ಚಾಗಿ ನಡೆಯುತ್ತಿದ್ದುದು ಊರೂರಿನ ಚಿಕ್ಕ ಕ್ಲಿನಿಕ್‌ಗಳಲ್ಲಿ, ಸೂಲಗಿತ್ತಿಯರ ಕೈಯಲ್ಲಿ. ಶಸ್ತ್ರಚಿಕಿತ್ಸೆಯ ಸೌಲಭ್ಯವಿದ್ದ ದೊಡ್ಡಾಸ್ಪತ್ರೆ ದೂರ. ಯಾರನ್ನು ಯಾವಾಗ ಕಳಿಸಬೇಕು ಎಂಬುದೇ ಅವರ ಮುಂದಿದ್ದ ಪ್ರಶ್ನೆ. ಚೊಚ್ಚಲು ಹೆರಿಗೆಯವರಲ್ಲಿ ತೀರಾ ನಿಧಾನವಾಗಿ ಸಾಗಿದ ಶೇ. 10ರಷ್ಟು ಮಂದಿಯ ವೇಗವನ್ನು ಹಿಡಿದು, ಗಂಟೆಗೆ 1 ಸೆಂಟಿಮೀಟರ್‌ನಂತೆ ಒಂದು ಓರೆಗೆರೆ ಎಳೆದರು. ಅದು ಅಲರ್ಟ್ ಲೈನ್. ಅದಕ್ಕೆ ಸಮಾನಾಂತರವಾಗಿ 4 ಗಂಟೆ ಬಲಕ್ಕೆ ಇನ್ನೊಂದು, ಆ್ಯಕ್ಷನ್ ಲೈನ್. "ನಡುವೆ 4 ಗಂಟೆ ಯಾಕೆ ಬಿಟ್ಟಿದ್ದಾರೆ?" ಎಂದು ಪರೀಕ್ಷಕಿ ಕೇಳಿದರೆ ಉತ್ತರ ಇದೇ: ತಾಯಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸಿ, ಅಲ್ಲಿ ನೋಡಿ, ತೀರ್ಮಾನ ಮಾಡುವುದಕ್ಕೆ ಬೇಕಾದ ಸಮಯ ಅದು.

ಆದ್ದರಿಂದ ಅಲರ್ಟ್ ಲೈನ್ ದಾಟಿದರೆ ಏನು ಮಾಡಬೇಕು ಎಂಬುದಕ್ಕೆ ಉತ್ತರಿಸುವ ಮುನ್ನ ತಾನು ಎಲ್ಲಿದ್ದೇನೆ ಎಂದು ವಿದ್ಯಾರ್ಥಿನಿ ಹೇಳಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರೆ, ಸಿಸೇರಿಯನ್ ಸೌಲಭ್ಯವಿರುವ ಆಸ್ಪತ್ರೆಗೆ ಕಳಿಸಲು 108ಕ್ಕೆ ಕರೆ ಮಾಡುವ ಹೊತ್ತು ಅದು. ಜಿಲ್ಲಾಸ್ಪತ್ರೆಯ ಲೇಬರ್ ರೂಮಿನಲ್ಲಿದ್ದರೆ, ವೈದ್ಯರಿಗೆ ತಿಳಿಸಿ ಏಕೆ ನಿಧಾನ ಎಂದು ಹುಡುಕುವ ಹೊತ್ತು. ಆ್ಯಕ್ಷನ್ ಲೈನ್ ತಲುಪಿದರೆ ಮಾತ್ರ ಕೈಕಟ್ಟಿ ಕೂರುವಂತಿಲ್ಲ. ಏನಾದರೊಂದು ನಿರ್ಧಾರ ಆಗಲೇಬೇಕು. ಆ ನಿರ್ಧಾರವೂ ಸಿಸೇರಿಯನ್ನೇ ಆಗಬೇಕೆಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಈ ಹಾಳೆಯನ್ನು ಕೈಗೆತ್ತಿಕೊಂಡು 1990ರ ದಶಕದ ಆರಂಭದಲ್ಲಿ ಇಂಡೊನೇಷ್ಯಾ, ಥಾಯ್ಲೆಂಡ್, ಮಲೇಷ್ಯಾಗಳ ಆಸ್ಪತ್ರೆಗಳಲ್ಲಿ 35,484 ಹೆರಿಗೆಗಳ ಮೇಲೆ ಪರೀಕ್ಷಿಸಿತು. 1994ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಳೆದಾಡಿದ ಹೆರಿಗೆಗಳು ಶೇ. 6.4ರಿಂದ 3.4ಕ್ಕೆ ಇಳಿದಿದ್ದವು. ಆಗಿನ ಹಾಳೆಯಲ್ಲಿ ಗರ್ಭಕೊರಳು ಇನ್ನೂ ಮೆದುವಾಗಿ, ನಿಧಾನವಾಗಿ ತೆರೆಯುವ ಸುಪ್ತ ಘಟ್ಟಕ್ಕೂ 8 ಗಂಟೆಯ ಜಾಗವಿತ್ತು. 2000ದ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟು, 4 ಸೆಂಟಿಮೀಟರ್‌ನಿಂದಲೇ ನಕ್ಷೆ ಶುರುಮಾಡಿದರು. ಭಾರತ ಸರ್ಕಾರ ಎಎನ್‌ಎಂಗಳಿಗಾಗಿ ರೂಪಿಸಿದ ಸರಳ ಪಾರ್ಟೋಗ್ರಾಫ್ ಶುರುವಾಗುವುದೂ 4ರಿಂದಲೇ. ಅದರಲ್ಲಿ ತಲೆ ಇಳಿಯುವ ಗುರುತೂ ಇಲ್ಲ, ಮೋಲ್ಡಿಂಗ್ ಸಾಲೂ ಇಲ್ಲ. ಗೆರೆ ದಾಟಿದರೆ ಕಳಿಸುವುದೇ ಅಲ್ಲಿನ ಕೆಲಸವಾದ್ದರಿಂದ ಅದು ಒಪ್ಪುವಂಥದ್ದೇ. ಆದರೆ ಏಕೆ ದಾಟಿತು ಎಂದು ಹೇಳಬೇಕಾದ ದೊಡ್ಡಾಸ್ಪತ್ರೆಯಲ್ಲಿ ಆ ಎರಡು ಸಾಲು ಇಲ್ಲದೆ ನಡೆಯದು.

ಇಲ್ಲೊಂದು ಬಲೆ ಇದೆ. "3 ಸೆಂಟಿಮೀಟರ್ ಆಗಿರುವ ತಾಯಿ ಬಂದಿದ್ದಾಳೆ, ಪಾರ್ಟೋಗ್ರಾಫ್ ಹಾಕು" ಎನ್ನುತ್ತಾರೆ ಪರೀಕ್ಷಕಿ. ಪೆನ್ನು ಹಿಡಿದವಳು ಬಿದ್ದಳು. 3ಕ್ಕೆ ಹಾಕುವಂತಿಲ್ಲ, ನೋವು, ಎದೆಬಡಿತ, ನಾಡಿಗಳನ್ನು ಕೇಸ್ ಶೀಟಿನಲ್ಲಿ ಬರೆಯುತ್ತ ಕಾಯಬೇಕು. ಇನ್ನೊಂದು ಬಲೆ, 6 ಸೆಂಟಿಮೀಟರ್‌ಗೆ ಬಂದವಳದ್ದು. ಮೊದಲ ಎಕ್ಸ್ ಗುರುತನ್ನು ಹಾಳೆಯ ಎಡ ಅಂಚಿನಲ್ಲಿ ಹಾಕಿದರೆ ಅದು ಅಲರ್ಟ್ ಲೈನಿನ ಎಡಕ್ಕೆ, ಗಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ಎರಡು ಗಂಟೆ ಹೆರಿಗೆ ನಿಂತೇ ಹೋದರೂ ಗೆರೆ ದಾಟಿದಂತೆ ಕಾಣುವುದಿಲ್ಲ. ಮೊದಲ ಗುರುತು ಯಾವತ್ತೂ ಅಲರ್ಟ್ ಲೈನಿನ ಮೇಲೆಯೇ. 6 ಎಂಬ ಅಡ್ಡಸಾಲು ಆ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ. ಅದರ ನೇರ ಕೆಳಗೆ ಆಗಿನ ಗಡಿಯಾರದ ಸಮಯ.

ಇಷ್ಟಾದ ಮೇಲೆ ಪರೀಕ್ಷೆಗಳಲ್ಲಿ ಕೊಡುವ ಮಾದರಿಯಲ್ಲೇ ಕಟ್ಟಿದ ಒಂದು ಹಾಳೆಯನ್ನು ಓದಬಹುದು. 23 ವರ್ಷದ, ದಿನ ತುಂಬಿದ ಚೊಚ್ಚಲು ಬಸುರಿ. ಬೆಳಿಗ್ಗೆ 8ಕ್ಕೆ ದಾಖಲು. ಗರ್ಭಕೊರಳು 4 ಸೆಂಟಿಮೀಟರ್. ಹೊಟ್ಟೆಯ ಮೇಲಿಂದ ಮುಟ್ಟಿದರೆ ಮಗುವಿನ ತಲೆಯ ಐದರಲ್ಲಿ ನಾಲ್ಕು ಪಾಲು ಇನ್ನೂ ಕೈಗೆ ಸಿಗುತ್ತದೆ. ಹತ್ತು ನಿಮಿಷಕ್ಕೆ 3 ನೋವು, ಒಂದೊಂದೂ 30 ಸೆಕೆಂಡು. ನೀರುಚೀಲ ಒಡೆದಿಲ್ಲ, ಎದೆಬಡಿತ 140, ತಾಯಿಯ ನಾಡಿ 84. ಬೆಳಿಗ್ಗೆಯ ಮಟ್ಟಿಗೆ ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನ 12ಕ್ಕೆ ಮತ್ತೆ ಒಳಪರೀಕ್ಷೆ. ಈಗ 6 ಸೆಂಟಿಮೀಟರ್. ನೋವು ಜೋರಾಗಿದೆ, ಹತ್ತು ನಿಮಿಷಕ್ಕೆ 4, ತಲಾ 45 ಸೆಕೆಂಡು. ನೀರು ಹೋಗಿದೆ, ತಿಳಿಯಾಗಿದೆ. ಎದೆಬಡಿತ 146. ಮೋಲ್ಡಿಂಗ್ ಒಂದು ಪ್ಲಸ್. ತಲೆ ಇನ್ನೂ ಐದರಲ್ಲಿ ನಾಲ್ಕು ಪಾಲು ಮೇಲೆಯೇ. ಅಲರ್ಟ್ ಲೈನಿನ ಲೆಕ್ಕದಲ್ಲಿ 10 ಗಂಟೆಗೇ 6 ಆಗಬೇಕಿತ್ತು, 12ಕ್ಕೆ 8. ಅಂದರೆ ಗುರುತು ಗೆರೆಯ ಬಲಕ್ಕೆ ಎರಡು ಗಂಟೆ ಸರಿದಿದೆ.

ಸಂಜೆ 4ಕ್ಕೆ 7 ಸೆಂಟಿಮೀಟರ್. ಹತ್ತು ನಿಮಿಷಕ್ಕೆ 5 ನೋವು, ತಲಾ 50 ಸೆಕೆಂಡು. ತಲೆ ಐದರಲ್ಲಿ ಮೂರು ಪಾಲು ಮೇಲೆ. ಮೋಲ್ಡಿಂಗ್ ಮೂರು ಪ್ಲಸ್. ನೀರಿಗೆ ದಟ್ಟ ಹಸಿರು ಬಂದಿದೆ, ಮಗು ಒಳಗೇ ಕಪ್ಪುಮಲ ಮಾಡಿದೆ. ಎದೆಬಡಿತ 3 ಗಂಟೆಗೆ 166, ಈಗ 172. ತಾಯಿಯ ನಾಡಿ 112. ಆ್ಯಕ್ಷನ್ ಲೈನು 7 ಸೆಂಟಿಮೀಟರನ್ನು ಮುಟ್ಟುವುದು 3 ಗಂಟೆಗೆ. ಗುರುತು ಅದರಿಂದಲೂ ಒಂದು ಗಂಟೆ ಆಚೆ ಬಿದ್ದಿದೆ.

ಈಗ ಬೆರಳನ್ನು 4 ಗಂಟೆಯ ಮೇಲಿಟ್ಟು ಮೇಲಿಂದ ಕೆಳಕ್ಕೆ ಎಳೆಯಬೇಕು. ನೋವು ಕಡಿಮೆಯೇ? ಇಲ್ಲ, ಗರ್ಭಕೋಶ ಗಟ್ಟಿಯಾಗಿಯೇ ತಳ್ಳುತ್ತಿದೆ. ತಳ್ಳಿದರೂ ತಲೆ ಇಳಿಯುತ್ತಿಲ್ಲ. ಇಳಿಯದ ತಲೆಯ ಮೂಳೆಗಳು ಒಂದರ ಮೇಲೊಂದು ಏರಿ ಕೂತಿವೆ. ಒಂದು ಪ್ಲಸ್ ಎಂದರೆ ಮೂಳೆಯ ಅಂಚುಗಳು ಪರಸ್ಪರ ತಾಗಿವೆ ಎಂದು. ಎರಡು ಪ್ಲಸ್ ಎಂದರೆ ಏರಿವೆ, ಆದರೆ ಬೆರಳಲ್ಲಿ ಒತ್ತಿದರೆ ಬಿಡಿಸಿಕೊಳ್ಳುತ್ತವೆ. ಮೂರು ಎಂದರೆ ಒತ್ತಿದರೂ ಬಿಡವು. ತಲೆಗೂ ಕಟಿಯ ದಾರಿಗೂ ಹೊಂದಿಕೆಯಾಗಿಲ್ಲ, ಹೆರಿಗೆ ಕಟ್ಟಿಕೊಂಡಿದೆ ಎಂದು ಹೇಳಲು ಮೋಲ್ಡಿಂಗ್ ಮತ್ತು ಮೇಲೆಯೇ ನಿಂತ ತಲೆ, ಇವೆರಡು ಜೊತೆಯಾದರೆ ಸಾಕು. ಮಗುವಿಗೆ ಅದು ತಡೆಯಲಾಗುತ್ತಿಲ್ಲ ಎಂಬುದಕ್ಕೆ ಎದೆಬಡಿತ, ಹಸಿರು ನೀರು ಎರಡೂ ಸಾಕ್ಷಿ. ಇಲ್ಲಿ ಸಿಸೇರಿಯನ್ ಎಂಬ ಉತ್ತರ ಸರಿ. ಆದರೆ ಅದು ಗೆರೆ ದಾಟಿದ್ದಕ್ಕಲ್ಲ, ದಾರಿ ಮುಚ್ಚಿದ್ದಕ್ಕೆ. ವೈದ್ಯರು ಬರುವಷ್ಟರಲ್ಲಿ ಶುಶ್ರೂಷಕಿ ಮಾಡುವ ಕೆಲಸಗಳೂ ಇದೇ ಹಾಳೆಯಿಂದ ಹೊರಡುತ್ತವೆ: ತಾಯಿಯನ್ನು ಎಡಮಗ್ಗುಲಿಗೆ ಮಲಗಿಸುವುದು, ಐವಿ ಲೈನ್ ಹಾಕುವುದು, ಮೂತ್ರಕೋಶ ಖಾಲಿ ಮಾಡಿಸಿ ಮೂತ್ರದಲ್ಲಿ ರಕ್ತವಿದೆಯೇ ನೋಡುವುದು, ರಕ್ತದ ಗುಂಪು ಪರೀಕ್ಷೆಗೆ ಕಳಿಸುವುದು, ಮಗುವಿಗೆ ಉಸಿರು ಕೊಡುವ ಬ್ಯಾಗು ಮಾಸ್ಕು ಸಿದ್ಧವಿಡುವುದು.

ಪರೀಕ್ಷಕಿ ಇಲ್ಲಿಗೂ ಬಿಡುವುದಿಲ್ಲ. "ಒಳಪರೀಕ್ಷೆಯಲ್ಲಿ ತಲೆ ಕೆಳಗೇ ಸಿಕ್ತಲ್ಲ, ಹೊಟ್ಟೆ ಮೇಲಿಂದ ಐದರಲ್ಲಿ ಮೂರು ಅಂತ ಯಾಕೆ ಬರೆದೆ?" ಇದು ಒಳ್ಳೆಯ ಪ್ರಶ್ನೆ. ಗಂಟೆಗಟ್ಟಲೆ ಒತ್ತಿಸಿಕೊಂಡ ತಲೆಯ ಚರ್ಮ ನೀರು ತುಂಬಿ ಬಾತುಕೊಳ್ಳುತ್ತದೆ, ಕ್ಯಾಪುಟ್ ಎನ್ನುತ್ತಾರೆ. ಒಳಗೆ ಹಾಕಿದ ಬೆರಳಿಗೆ ಸಿಗುವುದು ಆ ಬಾವು. ಬುರುಡೆ ಮಾತ್ರ ಇನ್ನೂ ಮೇಲಿರುತ್ತದೆ. ಮೋಸಹೋಗಿ "ತಲೆ ಇಳಿದಿದೆ" ಎಂದು ಬರೆದರೆ ಹಾಳೆ ಸುಳ್ಳು ಹೇಳುತ್ತದೆ. ಹೊಟ್ಟೆಯ ಮೇಲಿಂದ, ಮುಂಗಟಿಯ ಮೂಳೆಯ ಮೇಲೆ ಎಷ್ಟು ಬೆರಳಗಲ ತಲೆ ಉಳಿದಿದೆ ಎಂದು ನೋಡುವ ಅಳತೆಯನ್ನು ಬಾವು ಕೆಡಿಸಲಾರದು. ಐದು ಬೆರಳೂ ತುಂಬಿದರೆ ತಲೆ ಪೂರ್ತಿ ಮೇಲಿದೆ. ಎರಡಕ್ಕಿಂತ ಹೆಚ್ಚು ಸಿಗದಿದ್ದರೆ ಕಟಿಯೊಳಗೆ ಕೂತಿದೆ. ಈ ಪರೀಕ್ಷೆ ಯಾವಾಗಲೂ ಒಳಪರೀಕ್ಷೆಗೆ ಮೊದಲು ಆಗಬೇಕು.

ಅದೇ ಗುರುತುಗಳಿರುವ ಇನ್ನೊಂದು ಹಾಳೆಯನ್ನು ಪಕ್ಕಕ್ಕಿಡೋಣ. 8ಕ್ಕೆ 4, 12ಕ್ಕೆ 6, ಸಂಜೆ 4ಕ್ಕೆ 7. ಎಕ್ಸ್‌ಗಳನ್ನು ಜೋಡಿಸಿದ ಗೆರೆ ಎರಡರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲದಷ್ಟು ಒಂದೇ. ಆದರೆ ಇಲ್ಲಿ ಹತ್ತು ನಿಮಿಷಕ್ಕೆ ಎರಡೇ ನೋವು, ತಲಾ 25 ಸೆಕೆಂಡು. ಮೋಲ್ಡಿಂಗ್ ಸೊನ್ನೆ. ತಲೆ ಐದರಲ್ಲಿ ಮೂರರಿಂದ ಎರಡಕ್ಕೆ ಇಳಿದಿದೆ. ನೀರು ತಿಳಿ, ಎದೆಬಡಿತ 140ರ ಆಸುಪಾಸು, ತಾಯಿಯ ನಾಡಿ 88. ದಾರಿ ಸರಿಯಿದೆ, ಮಗು ಗೆಲುವಾಗಿದೆ. ತಳ್ಳುವ ಬಲ ಸಾಲದು. ಈ ತಾಯಿಗೆ ಬೇಕಾದುದು ಬೇರೆ. ಕುಡಿಯಲು ನೀರು, ಖಾಲಿ ಮೂತ್ರಕೋಶ, ಎದ್ದು ಓಡಾಡಲು ಅವಕಾಶ, ಜೊತೆಗೊಬ್ಬರು. ಅಷ್ಟಕ್ಕೂ ಆಗದಿದ್ದರೆ ವೈದ್ಯರು ಆಕ್ಸಿಟೋಸಿನ್ ಡ್ರಿಪ್ ಹಾಕಿಯಾರು. ಗೆರೆ ಹೇಳುವುದು ತಡವಾಗಿದೆ ಎಂದು ಮಾತ್ರ. ಏಕೆ ತಡ ಎಂದು ಹೇಳುವುದು ಅದರ ಮೇಲಿನ ಕೆಳಗಿನ ಸಾಲುಗಳು.

ಎರಡನೆಯ ಹಾಳೆಯ ಔಷಧವನ್ನು ಮೊದಲನೆಯ ತಾಯಿಗೆ ಕೊಟ್ಟರೆ? ಮುಚ್ಚಿದ ದಾರಿಗೆ ಇನ್ನಷ್ಟು ಬಲವಾಗಿ ನೂಕಿದಂತೆ. ಮಗುವಿಗೆ ಉಸಿರು ಕಟ್ಟುತ್ತದೆ, ಗರ್ಭಕೋಶವೇ ಹರಿಯಬಹುದು. ಚೊಚ್ಚಲಿನವಳ ಗರ್ಭಕೋಶ ಕಟ್ಟಿಕೊಂಡ ಹೆರಿಗೆಯಲ್ಲಿ ಸಾಮಾನ್ಯವಾಗಿ ದಣಿದು ಸುಮ್ಮನಾಗುತ್ತದೆ; ಹಿಂದೆ ಹೆತ್ತವಳದ್ದು ಸುಮ್ಮನಾಗದೆ ತಳ್ಳುತ್ತಲೇ ಹೋಗಿ ಹರಿಯುತ್ತದೆ. "ಎರಡನೇ ಬಸುರು, ಹೋದ ಸಲ ಸಲೀಸಾಗಿ ಆಗಿತ್ತು" ಎಂಬ ಧೈರ್ಯ ಇಲ್ಲಿ ಅಪಾಯದ್ದು. ಪ್ರಾಥಮಿಕ ಕೇಂದ್ರ, ಉಪಕೇಂದ್ರಗಳಲ್ಲಿ ನೋವು ಹೆಚ್ಚಿಸಲು ಶುಶ್ರೂಷಕಿ ಈ ಔಷಧ ಮುಟ್ಟಬಾರದು ಎಂದು ಸರ್ಕಾರದ ಮಾರ್ಗಸೂಚಿ ಹೇಳುವುದು ಇದಕ್ಕೇ.

ಎರಡನೆಯ ಹಂತದ ಮೇಲಿನ ಪ್ರಶ್ನೆಗಳು ಹೆಚ್ಚಾಗಿ ಗಡಿಯಾರದ್ದು. ಚೊಚ್ಚಲಿನವರಲ್ಲಿ 3 ಗಂಟೆಯೊಳಗೆ, ಹಿಂದೆ ಹೆತ್ತವರಲ್ಲಿ 2 ಗಂಟೆಯೊಳಗೆ ಸಾಮಾನ್ಯವಾಗಿ ಮಗು ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು. ಹಳೆಯ ಪಠ್ಯಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಯಾವುದರಿಂದ ಹೇಳುತ್ತಿದ್ದೇನೆ ಎಂದು ಹೇಳಿಬಿಟ್ಟರೆ ವಾದಕ್ಕೆ ಜಾಗವಿಲ್ಲ. ಮೊದಲ ಹಂತದಲ್ಲಿ ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದ ಎದೆಬಡಿತವನ್ನು ಈಗ 5 ನಿಮಿಷಕ್ಕೊಮ್ಮೆ ಕೇಳಬೇಕು. ಲೇಬರ್ ರೂಮಿನಲ್ಲಿ ಹೆಚ್ಚು ಕೇಳಿಬರುವ "ಮುಕ್ಕಮ್ಮ, ಮುಕ್ಕು" ಎಂಬ ಕೂಗಿನ ಮೇಲೂ ಪ್ರಶ್ನೆ ಬೀಳುತ್ತದೆ. 8 ಸೆಂಟಿಮೀಟರ್‌ಗೇ ಮುಕ್ಕಿಸಿದರೆ ಗರ್ಭಕೊರಳು ತಲೆಗೂ ಕಟಿಗೂ ನಡುವೆ ಸಿಕ್ಕಿ ಬಾತುಕೊಳ್ಳುತ್ತದೆ, ತಾಯಿ ಬೇಡದ ಹೊತ್ತಲ್ಲಿ ಸುಸ್ತಾಗುತ್ತಾಳೆ. ಪೂರ್ತಿ ತೆರೆದ ಮೇಲೆ, ಆಕೆಗೇ ಮುಕ್ಕಬೇಕೆನಿಸಿದಾಗ ಮುಕ್ಕಿದರೆ ಸಾಕು.

ಮೂರನೆಯ ಹಂತಕ್ಕೆ ಬಂದಾಗ ಅದೇ ಆಕ್ಸಿಟೋಸಿನ್ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಸಲ ಎಎನ್‌ಎಂ ಕೂಡ ಕೊಡಬಹುದು, ಕೊಡಲೇಬೇಕು. ಮಗು ಹೊರಬಂದ ಒಂದು ನಿಮಿಷದೊಳಗೆ 10 ಯೂನಿಟ್, ಸ್ನಾಯುವಿಗೆ. ಒಂದೇ ಔಷಧ ಮೊದಲ ಹಂತದಲ್ಲಿ ನಿಷಿದ್ಧ, ಮೂರನೆಯದರಲ್ಲಿ ಕಡ್ಡಾಯ. ಹೇಗೆ ಎಂದು ಕೇಳಿದರೆ, ಗರ್ಭಕೋಶದೊಳಗೆ ಈಗ ಮಗುವಿಲ್ಲ ಎಂಬುದೇ ಉತ್ತರ. ಕೊಡುವ ಮುನ್ನ ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಅವಳಿಯಲ್ಲಿ ಈ ಹೆಜ್ಜೆ ಬಿಟ್ಟರೆ ಉತ್ತರ ಪೂರ್ತಿ ಕೆಟ್ಟಂತೆ. ಹೊಕ್ಕುಳಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕತ್ತರಿಸಬೇಕು. ಮಾಸು ಕಳಚಿದ ಗುರುತು ಮೂರು: ಒಂದು ಬುಗ್ಗೆ ರಕ್ತ, ಉದ್ದವಾದ ಬಳ್ಳಿ, ಗುಂಡಗೆ ಗಟ್ಟಿಯಾಗಿ ಮೇಲೇರಿದ ಗರ್ಭಕೋಶ. ಬಳ್ಳಿ ಎಳೆಯುವಾಗ ಇನ್ನೊಂದು ಕೈ ಕೆಳಹೊಟ್ಟೆಯ ಮೇಲೆ ಗರ್ಭಕೋಶವನ್ನು ಮೇಲಕ್ಕೆ ತಡೆದು ಹಿಡಿದಿರಬೇಕು, ಇಲ್ಲದಿದ್ದರೆ ಗರ್ಭಕೋಶವೇ ಒಳಗು ಹೊರಗಾಗಿ ಬಂದೀತು. ನಾಲ್ಕನೆಯ ಹಂತದಲ್ಲಿ ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ ಗರ್ಭಕೋಶ ಗಟ್ಟಿ ಇದೆಯೇ, ರಕ್ತ ಎಷ್ಟು ಹೋಗುತ್ತಿದೆ, ನಾಡಿ ಏನಿದೆ ಎಂದು ನೋಡುತ್ತಿರಬೇಕು.

ಮತ್ತೆ ಹಾಳೆಗೆ ಬರೋಣ. ಅನುಭವಿ ಪರೀಕ್ಷಕಿಯರು ಕೆಲವೊಮ್ಮೆ ವಿದ್ಯಾರ್ಥಿನಿಯೇ ವಾರ್ಡಿನಲ್ಲಿ ತುಂಬಿದ ಕೇಸ್ ಬುಕ್ಕಿನ ಪಾರ್ಟೋಗ್ರಾಫ್ ತೆರೆದು, "ಇದನ್ನ ಹೆರಿಗೆ ಆದ್ಮೇಲೆ ಕೂತು ಬರೆದೆಯಲ್ಲಮ್ಮ?" ಎಂದು ಕೇಳಿಬಿಡುತ್ತಾರೆ. ಕಂಡುಹಿಡಿಯುವುದು ಕಷ್ಟವಲ್ಲ. ಎಕ್ಸ್‌ಗಳೆಲ್ಲ ಅಲರ್ಟ್ ಲೈನಿನ ಮೇಲೆ ಅಂಟಿಸಿದಂತೆ ಕೂತಿರುತ್ತವೆ. ಎದೆಬಡಿತ ಬೆಳಿಗ್ಗೆಯಿಂದ ಸಂಜೆಯವರೆಗೆ 140, 142, 140, 142. ಬದುಕಿರುವ ಮಗುವಿನ ಎದೆ ಹಾಗೆ ಬಡಿಯುವುದಿಲ್ಲ. ನೋವಿನ ಚೌಕಗಳೂ ಸಾಕ್ಷಿ ಹೇಳುತ್ತವೆ: 20 ಸೆಕೆಂಡಿಗಿಂತ ಕಡಿಮೆಯ ನೋವಿಗೆ ಚುಕ್ಕಿ, 20ರಿಂದ 40ರದ್ದಕ್ಕೆ ಓರೆಗೀಟು, 40 ಮೀರಿದ್ದಕ್ಕೆ ಪೂರ್ತಿ ಕಪ್ಪು ತುಂಬುವುದು ಪದ್ಧತಿ. ಆಮೇಲೆ ಕೂತು ತುಂಬಿದ ಹಾಳೆಯಲ್ಲಿ ಎಲ್ಲ ಚೌಕವೂ ಕಪ್ಪು, ಏಕೆಂದರೆ ಹತ್ತು ನಿಮಿಷ ಹೊಟ್ಟೆಯ ಮೇಲೆ ಕೈಯಿಟ್ಟು ಯಾರೂ ಎಣಿಸಿರುವುದಿಲ್ಲ. ಒಬ್ಬಳೇ ನರ್ಸ್ ಮೂರು ಮಂಚ ನೋಡಿಕೊಳ್ಳುವ ಕಡೆ ಇದು ಸೋಮಾರಿತನದಿಂದ ಮಾತ್ರ ಆಗುವುದಲ್ಲ, ನಿಜ. ಆದರೂ ಮಗು ಬಂದ ಮೇಲೆ ತುಂಬಿದ ಪಾರ್ಟೋಗ್ರಾಫ್ ಆ ತಾಯಿಗೆ ಯಾವ ಉಪಯೋಗಕ್ಕೂ ಬಂದಿರುವುದಿಲ್ಲ.

ಇತ್ತೀಚಿನ ವೈವಾಗಳಲ್ಲಿ ಇನ್ನೊಂದು ಹಾಳೆಯೂ ಮೇಜಿನ ಮೇಲೆ ಬರತೊಡಗಿದೆ. ಗಂಟೆಗೆ 1 ಸೆಂಟಿಮೀಟರ್ ಎಂಬ ಅಳತೆ ಎಲ್ಲರಿಗೂ ಹೊಂದುವುದಿಲ್ಲ, ಅದಕ್ಕಿಂತ ನಿಧಾನವಾಗಿ ಸಾಗಿಯೂ ಎಷ್ಟೋ ತಾಯಂದಿರು ಸಹಜವಾಗಿಯೇ ಹೆರುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಪ್ಪಿಕೊಂಡಿತು. ಚುರುಕಿನ ಘಟ್ಟ 4ರ ಬದಲು 5 ಸೆಂಟಿಮೀಟರ್‌ನಿಂದ ಎಂದಿತು. 2020ರ ಡಿಸೆಂಬರಿನಲ್ಲಿ ಲೇಬರ್ ಕೇರ್ ಗೈಡ್ ಎಂಬ ಹೊಸ ಹಾಳೆ ಹೊರತಂದಿತು. ಅದರಲ್ಲಿ ಅಲರ್ಟ್ ಲೈನೂ ಇಲ್ಲ, ಆ್ಯಕ್ಷನ್ ಲೈನೂ ಇಲ್ಲ. ಬದಲಿಗೆ ಒಂದೊಂದು ಸೆಂಟಿಮೀಟರಿಗೂ ಬೇರೆ ಬೇರೆ ಮಿತಿ: 5ರಲ್ಲೇ 6 ಗಂಟೆ, 6ರಲ್ಲೇ 5 ಗಂಟೆ, 7ರಲ್ಲೇ 3 ಗಂಟೆ ನಿಂತರೆ ಎಚ್ಚರಿಕೆ. ಹೆಚ್ಚಿನ ಸಾಲುಗಳ ಪಕ್ಕದಲ್ಲಿ ಮಿತಿ ಅಚ್ಚಾಗಿರುತ್ತದೆ, ಅದನ್ನು ಮೀರಿದ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಬೇಕು. ಜೊತೆಗೆ ಯಾರಾದರೂ ಇದ್ದಾರೆಯೇ, ನೀರು ಕುಡಿದಳೇ, ಮಲಗಿಯೇ ಇದ್ದಾಳೆಯೇ ಎಂಬುದಕ್ಕೂ ಸಾಲುಗಳಿವೆ. "ಚುರುಕಿನ ಘಟ್ಟ ಎಷ್ಟರಿಂದ, 4ರೋ 5ರೋ?" ಎಂಬ ಪ್ರಶ್ನೆಗೆ ಯಾವ ಹಾಳೆ ಮೇಡಂ ಎಂದು ವಿನಯದಿಂದಲೇ ಮರುಪ್ರಶ್ನೆ ಹಾಕುವುದು ತಪ್ಪಲ್ಲ.

ಮೊದಲ ಹಾಳೆಯ ಆ 23 ವರ್ಷದ ತಾಯಿಯನ್ನು ಈ ಹೊಸ ಹಾಳೆಗೆ ಇಳಿಸಿ ನೋಡಿದರೆ ಕುತೂಹಲದ ಸಂಗತಿ ಸಿಗುತ್ತದೆ. ಬೆಳಿಗ್ಗೆ 8ಕ್ಕೆ ಆಕೆ 4 ಸೆಂಟಿಮೀಟರ್. ಇಲ್ಲಿ ಬರವಣಿಗೆ ಇನ್ನೂ ಶುರುವೇ ಆಗುವುದಿಲ್ಲ. 12ಕ್ಕೆ 6ರಿಂದ ಶುರು. ಸಂಜೆ 4ಕ್ಕೆ 7. 6ರ ಮಿತಿ 5 ಗಂಟೆ, ಆಕೆ ತೆಗೆದುಕೊಂಡದ್ದು ಹೆಚ್ಚೆಂದರೆ 4. ಹಳೆಯ ಹಾಳೆಯಲ್ಲಿ ಎರಡೂ ಗೆರೆ ದಾಟಿದವಳಿಗೆ ಇಲ್ಲಿ ಗರ್ಭಕೊರಳಿನ ಸಾಲಿನಲ್ಲಿ ಒಂದು ಸುತ್ತೂ ಬೀಳುವುದಿಲ್ಲ. ನೋವು ಹತ್ತು ನಿಮಿಷಕ್ಕೆ 5. ಐದನ್ನು ಮೀರಿದರಷ್ಟೇ ಸುತ್ತು. ತಾಯಿಯ ನಾಡಿ 112, ಮಿತಿ 120. ಆದರೆ ಎದೆಬಡಿತದ ಮಿತಿ 160. ಮಧ್ಯಾಹ್ನ 3 ಗಂಟೆಯ 166ಕ್ಕೇ ಮೊದಲ ಸುತ್ತು ಬೀಳುತ್ತದೆ, 4ಕ್ಕೆ ಕಾಯಬೇಕಿಲ್ಲ. ಮೋಲ್ಡಿಂಗ್ ಮೂರು ಪ್ಲಸ್, ಅದಕ್ಕೊಂದು. ದಟ್ಟ ಹಸಿರು ನೀರು, ಅದಕ್ಕೊಂದು.

ಹಾಳೆಯ ಕಟ್ಟಕಡೆಯಲ್ಲಿ ಎರಡು ಖಾಲಿ ಸಾಲುಗಳಿವೆ: ಶುಶ್ರೂಷಕಿಗೆ ಏನನ್ನಿಸಿತು, ಮುಂದೇನು ಮಾಡುವುದೆಂದು ತಾಯಿಯ ಜೊತೆ ಮಾತಾಡಿ ತೀರ್ಮಾನಿಸಿದರು. ಪರೀಕ್ಷಕಿ ಬೆರಳಿಡುವುದು ಅಲ್ಲಿ, 3 ಗಂಟೆಯ ಚೌಕದ ಮೇಲೆ: "ಇಲ್ಲಿ ಏನ್ ಬರೀತೀಯ?" ಎದೆಬಡಿತ 166, ಎಡಮಗ್ಗುಲಿಗೆ ಮಲಗಿಸಲಾಗಿದೆ, ವೈದ್ಯರಿಗೆ 3ಕ್ಕೇ ತಿಳಿಸಿದೆ, ಹೊಟ್ಟೆ ಮುಟ್ಟಿ ಒಳಪರೀಕ್ಷೆ ಈಗಲೇ, ತಾಯಿಗೂ ಜೊತೆಗಿರುವ ಆಕೆಯ ಅಮ್ಮನಿಗೂ ವಿಷಯ ಹೇಳಿದೆ ಎಂದವಳಿಗೆ ಮುಂದಿನ ಪ್ರಶ್ನೆ ಬರುವುದಿಲ್ಲ, ಕರೆಗಂಟೆ ಒತ್ತಿ ಮುಂದಿನ ನಂಬರನ್ನು ಕರೆಯುತ್ತಾರೆ.